ಆಟಿಯೂ ಒಂದು ತಿಂಗಳು

ಬ್ಯಾಂಕಿನ ಅರ್ಜಿಯಲ್ಲಿ ‘ಸರಾಸರಿ ಮಾಸಿಕ ಆದಾಯ’ ಎಂದು ಒಂದು ಸಾಲು ಇತ್ತು. ನನ್ನ ಗಂಡ ಅದರ ಎದುರು ಹತ್ತು ಸಾವಿರ ರೂಪಾಯಿ ಎಂದು ಬರೆದು, ಸಹಿ ಹಾಕಿ, ತಮ್ಮ ಫೋಟೋ ಅಂಟಿಸಿ ಕೊಟ್ಟು ಬಂದಿದ್ದರು. ಫೋಟೋ ಮಾತ್ರ ಚೆನ್ನಾಗಿತ್ತು. ಫೋಟೋಗ್ರಾಫರನ ಅರ್ಜಿಯಲ್ಲಿ ಅಷ್ಟಾದರೂ ಚೆನ್ನಾಗಿರಬೇಕಲ್ಲ.

ಹೊಸ ಶತಮಾನ ಶುರುವಾಗಿ ಮೂರು ವರ್ಷ ಕಳೆದಿತ್ತು. ಕಾಪು ಪೇಟೆಯಿಂದ ಇನ್ನಂಜೆ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಸ್ಟುಡಿಯೋ. ಎದುರಿನ ಕೋಣೆ ಸ್ಟುಡಿಯೋ, ಹಿಂದಿನ ಎರಡು ಕೋಣೆ ಮನೆ. ಎಲ್ಲ ಬಾಡಿಗೆಗೆ. ಮನೆಯ ಯಜಮಾನರು ಮುಂಬೈಯಲ್ಲಿ ವ್ಯಾಪಾರದಲ್ಲಿದ್ದವರು. ಆ ವರ್ಷ ಊರಿಗೆ ಬಂದವರು, "ಇದನ್ನು ಮಾರಿ ಬಿಡ್ತೇನೆ. ಇಷ್ಟು ವರ್ಷ ಇದ್ದವರು ನೀವು, ಮೊದಲು ನಿಮಗೇ ಹೇಳಿದ್ದು. ಆಗುವುದಿಲ್ಲ ಅಂತಾದರೆ ಇನ್ನೊಂದು ಪಾರ್ಟಿ ಉಂಟು, ನಗದು ಕೊಡ್ತದೆ" ಎಂದರು. ನಾಲ್ಕೂಕಾಲು ಲಕ್ಷಕ್ಕೆ ಮಾತಾಯಿತು. ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟು ಕರಾರು ಮಾಡಿದೆವು. ಚೌತಿಯ ಒಳಗೆ ನೋಂದಣಿ ಆಗಬೇಕು, ಆಗದಿದ್ದರೆ ಮುಂಗಡವೂ ಹೋಯಿತು, ಮನೆಯೂ ಹೋಯಿತು. ಸ್ಟುಡಿಯೋದ ಬೋರ್ಡು ಇಳಿಸಿ ಬೇರೆ ಜಾಗ ಹುಡುಕಬೇಕು. ಅಲ್ಲಿ ಹದಿಮೂರು ವರ್ಷದಿಂದ ಜನ ನಮ್ಮನ್ನು ಹುಡುಕಿ ಬರುತ್ತಿದ್ದದ್ದು ಹೆಸರಿನಿಂದಲ್ಲ, ಜಾಗದಿಂದ. ‘ಆ ತಿರುವಿನ ಸ್ಟುಡಿಯೋ’ ಎಂದೇ ಹೇಳುತ್ತಿದ್ದರು. ತಿರುವು ಬಿಟ್ಟರೆ ನಾವು ಯಾರಿಗೂ ಬೇಡದವರು.

ಕೂಡಿಟ್ಟದ್ದು, ಒಂದು ಚಿನ್ನದ ಸರ ಮಾರಿದ್ದು, ನನ್ನ ತಮ್ಮ ಕೊಟ್ಟದ್ದು ಎಲ್ಲ ಸೇರಿ, ಆ ಮುಂಗಡವನ್ನೂ ಹಿಡಿದು ಲಕ್ಷ ಆಯಿತು. ಉಳಿದ ಮೂರೂಕಾಲು ಲಕ್ಷಕ್ಕೆ ಉಡುಪಿಯ ಒಂದು ಬ್ಯಾಂಕಿನಲ್ಲಿ ಅರ್ಜಿ.

ನಮ್ಮ ಕಸುಬಿನ ವರ್ಷ ಹೇಗೆ ಎಂದು ಹೇಳದಿದ್ದರೆ ಮುಂದಿನದ್ದು ಅರ್ಥವಾಗಲಿಕ್ಕಿಲ್ಲ. ಏಪ್ರಿಲ್, ಮೇ ಬಂತೆಂದರೆ ನನ್ನ ಗಂಡನನ್ನು ಮನೆಯಲ್ಲಿ ನೋಡಲು ಸಿಗುವುದಿಲ್ಲ. ಬೆಳಿಗ್ಗೆ ಕಾರ್ಕಳದಲ್ಲಿ ಮುಹೂರ್ತ, ಸಂಜೆ ಉಡುಪಿಯಲ್ಲಿ ಆರತಕ್ಷತೆ. ಜೂನ್ ಮಧ್ಯದಲ್ಲಿ ಮಳೆ ಹಿಡಿದರೆ ಮುಗಿಯಿತು. ಆಮೇಲೆ ಬರುವುದು ಆಟಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಮದುಮಗಳನ್ನು ಕೂಡ ತವರಿಗೆ ಕಳಿಸಿಬಿಡುವ ತಿಂಗಳು. ಚೌತಿ, ನವರಾತ್ರಿಗೆ ಸಣ್ಣಪುಟ್ಟ ಕೆಲಸ, ನವೆಂಬರಿನಲ್ಲಿ ಮತ್ತೆ ಮದುವೆಗಳು. ಇಗರ್ಜಿಯ ಮದುವೆಗಳು ಸ್ವಲ್ಪ ಆಧಾರ, ಆದರೆ ಅವರಿಗೂ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಉಂಟು. ಬ್ಯಾರಿಗಳ ಮದುವೆ ಚೆನ್ನಾಗಿ ಬರುತ್ತಿತ್ತು, ಆದರೆ ರಂಜಾನ್ ತಿಂಗಳಲ್ಲಿ ಅವರೂ ಮದುವೆ ಇಡುವುದಿಲ್ಲ. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲ ಧರ್ಮಗಳ ತೂತುಗಳೂ ಇದ್ದವು.

ಅದರ ಮೇಲೆ ಆಲ್ಬಮ್ಮಿನ ಕಥೆ. ಬುಕಿಂಗಿಗೆ ಒಂದಿಷ್ಟು ಕೊಡುತ್ತಾರೆ, ಮದುವೆ ದಿನ ಒಂದಿಷ್ಟು, ಬಾಕಿ ಆಲ್ಬಮ್ ಕೊಂಡು ಹೋಗುವಾಗ. ಮದುವೆಯಾದ ಜೋಡಿ ದುಬೈಗೋ ಮುಂಬೈಗೋ ಹಾರಿದ ಮೇಲೆ ಆಲ್ಬಮ್ ಯಾರಿಗೆ ಬೇಕು? ನಮ್ಮ ಕಪಾಟಿನಲ್ಲಿ ಯಾವಾಗಲೂ ಹತ್ತು ಹದಿನೈದು ಆಲ್ಬಮ್‌ಗಳು ಬಾಕಿ ಹಣಕ್ಕಾಗಿ ಕಾಯುತ್ತ ಮಲಗಿರುತ್ತಿದ್ದವು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಪಾಟಿನ ಒಳಗೆ ಒಂದು ಬಲ್ಬು ಹಗಲೂ ಇರುಳೂ ಉರಿಸುತ್ತಿದ್ದೆವು. ಒಂದು ಜೋಡಿಯ ಮಗುವಿನ ನಾಮಕರಣಕ್ಕೆ ಫೋಟೋ ತೆಗೆಯಲು ಹೋದಾಗ, ಅವರ ಮದುವೆಯ ಆಲ್ಬಮ್ ಇನ್ನೂ ನಮ್ಮ ಬಲ್ಬಿನ ಬಿಸಿಯಲ್ಲಿಯೇ ಇತ್ತು.

ಇಂಥ ವರ್ಷಕ್ಕೆ ಸರಾಸರಿ ಎಂದರೆ ಎಂತ?

ಆಟಿ ಶುರುವಾದ ವಾರ ಬ್ಯಾಂಕಿನಿಂದ ಸ್ಟುಡಿಯೋಗೆ ಫೋನು ಬಂತು. ಎತ್ತಿದ್ದು ನಾನು. ಆ ಕಡೆಯವರು ಸಾಲ ವಿಭಾಗದ ಅಧಿಕಾರಿ. ಮಾತು ಉತ್ತರ ಕರ್ನಾಟಕದ್ದು. "ಅರ್ಜಿಯೊಳಗ ತಿಂಗಳಿಗೆ ಹತ್ತು ಸಾವಿರ ಅಂತ ಬರದೀರಿ. ನೀವು ಕೊಟ್ಟ ಟ್ಯಾಕ್ಸ್ ರಿಟರ್ನ್ ನೋಡಿದ್ರ ಹಂಗ ಕಾಣಂಗಿಲ್ರಿ. ನಮ್ಮ ಮ್ಯಾನೇಜರ್ರು ಫೈಲು ವಾಪಸ್ ಕಳಸಂದ್ರು. ನಾನು ಒಮ್ಮೆ ಜಾಗಾ ನೋಡಿ ಬರ್ತೀನಿ ಅಂದೀನಿ. ಗುರುವಾರ ಬರ್ಲೇನ್ರಿ?"

ಬನ್ನಿ ಎಂದೆ. ಬೇಡ ಎನ್ನಲು ಬರುತ್ತದೆಯೇ? ಫೋನು ಇಟ್ಟವಳು ಸೀದಾ ಗಂಡನ ಹತ್ತಿರ ಹೋದೆ. ನಾನು ಹೆದರಿದಾಗ ಮೊದಲು ಬರುವುದು ಸಿಟ್ಟು. ಗಂಡ ಒಳಗೆ ಕ್ಯಾಮೆರಾದ ಲೆನ್ಸ್ ಒರೆಸುತ್ತ ಕುಳಿತಿದ್ದರು.

"ಹತ್ತು ಸಾವಿರ ಎಲ್ಲಿಂದ ಬಂತು ಮಾರಾಯ್ರೆ?" ಎಂದು ಕೇಳಿದೆ.

"ಲೆಕ್ಕ ಹಾಕಿಯೇ ಬರೆದದ್ದು."

"ಯಾವ ಲೆಕ್ಕ?"

ಅವರು ಪೆನ್ನು ತೆಗೆದು ತೋರಿಸಿದರು. ಕಳೆದ ವರ್ಷ ಫಿಲ್ಮು, ಮಂಗಳೂರಿನ ಕಲರ್ ಲ್ಯಾಬಿನ ಖರ್ಚು, ಲೈಟ್ ಹಿಡಿಯುವವರ ಸಂಬಳ, ಬಾಡಿಗೆ ಎಲ್ಲ ಕಳೆದು ಉಳಿದದ್ದು ತೊಂಬತ್ತೊಂದು ಸಾವಿರದ ಇನ್ನೂರು. ಅದನ್ನು ಒಂಬತ್ತರಿಂದ ಭಾಗಿಸಿದ್ದರು. ಹತ್ತು ಸಾವಿರ, ಮೇಲೆ ಸ್ವಲ್ಪ.

"ಒಂಬತ್ತು ಎಂತಕ್ಕೆ?"

"ಮತ್ತೆ? ಮಳೆಗಾಲದ ಮೂರು ತಿಂಗಳು ಕೆಲಸ ಎಲ್ಲಿ ಉಂಟು? ಇಲ್ಲದ ತಿಂಗಳನ್ನು ಹೇಗೆ ಸೇರಿಸುವುದು?"

ಅವರು ತಮಾಷೆ ಮಾಡಿದ್ದಲ್ಲ. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತದೆ. ನಮ್ಮ ಕರಾವಳಿಯ ಫೋಟೋದವರು, ಶಾಮಿಯಾನದವರು, ಅಡುಗೆ ಭಟ್ಟರು, ವಾಲಗದವರು ಎಲ್ಲರೂ ಹೀಗೆಯೇ ಮಾತಾಡುವುದು. ‘ತಿಂಗಳಿಗೆ ಎಷ್ಟು ಸಿಗ್ತದೆ’ ಎಂದು ಕೇಳಿದರೆ ಅವರ ತಲೆಯಲ್ಲಿ ಬರುವುದು ಕೆಲಸವಿರುವ ತಿಂಗಳು. ಆಟಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಅದನ್ನು ಉಡುಪಿಯ ಬ್ಯಾಂಕಿಗೆ ಹೇಗೆ ಹೇಳುವುದು? ಅವರಿಗೆ ಕಾಣುವುದು ಒಂದು ಕಡೆ ಹತ್ತು ಸಾವಿರ, ಇನ್ನೊಂದು ಕಡೆ ಹನ್ನೆರಡರಿಂದ ಭಾಗಿಸಿದ ಏಳೂವರೆ ಸಾವಿರ. ನಡುವೆ ಒಬ್ಬ ಸುಳ್ಳುಗಾರ.

"ಸಂಬಳದವರು ಹನ್ನೆರಡು ತಿಂಗಳು ತಿನ್ನುತ್ತಾರೆ, ನಾವು ಒಂಬತ್ತೇ ತಿಂಗಳು ತಿನ್ನುವುದಾ?" ಎಂದು ನಾನು ಜೋರು ಮಾಡಿದೆ. ಅವರು ಲೆನ್ಸ್ ಒರೆಸಿದ್ದನ್ನೇ ಒರೆಸಿದರು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಏರಿತು.

ಮರುದಿನ ಇಬ್ಬರೂ ಬಸ್ಸು ಹತ್ತಿ ಉಡುಪಿಗೆ ಹೋದೆವು. ನಮ್ಮ ಆದಾಯ ತೆರಿಗೆಯ ಕಾಗದ ಮಾಡುವ ವಕೀಲರ ಕಚೇರಿ ರಥಬೀದಿಯ ಹತ್ತಿರದ ಒಂದು ಮಹಡಿಯಲ್ಲಿ. ಅವರು ಎಲ್ಲ ಕೇಳಿ, ಮೂಗಿನ ಮೇಲಿನ ಕನ್ನಡಕ ತೆಗೆದು, "ಒಂದು ದಾರಿ ಉಂಟು" ಎಂದರು. "ಕಳೆದ ವರ್ಷದ ರಿಟರ್ನನ್ನು ತಿದ್ದಿ ಪುನಃ ಹಾಕುವ. ಆದಾಯ ಸ್ವಲ್ಪ ಏರಿಸಿ. ತೆರಿಗೆ ಸ್ವಲ್ಪ ಹೆಚ್ಚು ಕಟ್ಟಬೇಕಾದೀತು. ಸಾಲಕ್ಕೆ ಬೇಕಾಗಿ ಎಷ್ಟೋ ಜನ ಮಾಡ್ತಾರೆ."

ಗಂಡ ನನ್ನ ಮುಖ ನೋಡಿದರು. ಸತ್ಯ ಹೇಳುತ್ತೇನೆ, ನನಗೆ ಆಸೆಯಾಯಿತು. ಒಂದು ಸಹಿ, ಮನೆ ನಮ್ಮದು. ಆದರೆ ಸಿಟ್ಟಿನವರಿಗೆ ಒಂದು ಉಪಕಾರ ಉಂಟು, ಲೆಕ್ಕ ಬೇಗ ಕಾಣುತ್ತದೆ.

"ಬ್ಯಾಂಕು ಆ ಹತ್ತು ಸಾವಿರ ನಂಬಿ ಸಾಲ ಕೊಟ್ಟಿತು ಅಂತ ಇಟ್ಟುಕೊಳ್ಳಿ" ಎಂದೆ. "ಕಂತು ಕಟ್ಟುವುದು ಯಾರು ಸರ್? ನೀವು ಏರಿಸಿದ ಹಣವಾ?"

ವಕೀಲರು ನಕ್ಕರು. "ನಾನು ದಾರಿ ಹೇಳಿದ್ದು, ಹೋಗಲೇಬೇಕು ಅಂತ ಹೇಳಲಿಲ್ಲ" ಎಂದು, ಎರಡು ವರ್ಷದ ರಿಟರ್ನಿನ ಪ್ರತಿ ತೆಗೆದು ಸರಿಯಾದ ಲೆಕ್ಕ ತೋರಿಸಿದರು. ಅದರ ಹಿಂದಿನ ವರ್ಷದ ನಿವ್ವಳ ಎಂಬತ್ತೊಂದು ಸಾವಿರದ ಆರುನೂರು. ಎರಡೂ ಸೇರಿ ಒಂದು ಲಕ್ಷದ ಎಪ್ಪತ್ತೆರಡು ಸಾವಿರದ ಎಂಟುನೂರು. ಇಪ್ಪತ್ತನಾಲ್ಕು ತಿಂಗಳಿಗೆ ಹಂಚಿದರೆ ಏಳು ಸಾವಿರದ ಇನ್ನೂರು. ಒಳ್ಳೆಯ ವರ್ಷವೊಂದನ್ನೇ ಆರಿಸಿ ಹಿಡಿಯುವ ಹಾಗಿಲ್ಲ, ಒಳ್ಳೆಯ ತಿಂಗಳುಗಳನ್ನೂ ಆರಿಸುವ ಹಾಗಿಲ್ಲ. ಎರಡು ಪೂರ್ತಿ ವರ್ಷ, ಖರ್ಚು ಕಳೆದ ಮೇಲಿನ ಹಣ, ಖಾಲಿ ತಿಂಗಳೂ ಸೇರಿ. ಆ ಏಳು ಸಾವಿರದ ಇನ್ನೂರರಲ್ಲಿ ಅರ್ಧ ಮಾತ್ರ ಬ್ಯಾಂಕು ಕಂತುಗಳಿಗೆ ಎಂದು ಹಿಡಿಯುತ್ತದೆ, ಮೂರು ಸಾವಿರದ ಆರುನೂರು. ವೀಡಿಯೋ ಕ್ಯಾಮೆರಾಕ್ಕೆ ಮಾಡಿದ ಸಾಲದ ಕಂತು ಒಂಬೈನೂರು ಅದರಲ್ಲಿ ಹೋಗುತ್ತದೆ. ಉಳಿಯುವುದು ಎರಡು ಸಾವಿರದ ಏಳುನೂರು.

"ಮೂರೂಕಾಲು ಲಕ್ಷಕ್ಕೆ ಹದಿನೈದು ವರ್ಷ ಅಂತಾದರೆ ಕಂತು ಎಷ್ಟು ಬರ್ತದೆ?" ಎಂದು ಗಂಡ ಕೇಳಿದರು.

"ಒಂಬತ್ತು ಪರ್ಸೆಂಟಿನ ಹಾಗೆ ಹಿಡಿದರೆ ಮೂರು ಸಾವಿರದ ಮುನ್ನೂರರ ಹತ್ತಿರ."

ಆರುನೂರು ರೂಪಾಯಿ ಕೊರತೆ. ಆಗಿನ ಕಾಲಕ್ಕೆ ಒಂದು ಮದುವೆಯ ಲೈಟಿನವರ ಸಂಬಳ. ಅಷ್ಟಕ್ಕೆ ಮನೆ ಹೋಗುವುದಾ? ಬಸ್ಸಿನಲ್ಲಿ ಹಿಂದೆ ಬರುವಾಗ ಕಿಟಕಿಯ ಪರದೆ ಹರಿದು ನನ್ನ ಸೀರೆಯೆಲ್ಲ ಒದ್ದೆಯಾಗುತ್ತಿತ್ತು. ಗಂಡ ತಮ್ಮ ಕೊಡೆಯನ್ನು ಬಸ್ಸಿನೊಳಗೇ ಬಿಡಿಸಿ ನನಗೆ ಅಡ್ಡ ಹಿಡಿದರು. ಜನ ನಕ್ಕರು. ನಾವಿಬ್ಬರೂ ನಗಲಿಲ್ಲ.

ಗುರುವಾರ ಬಂತು. ಬೆಳಗ್ಗಿನಿಂದ ಸುರಿದ ಮಳೆಗೆ ಸ್ಟುಡಿಯೋದ ಎದುರು ಮೊಣಗಂಟು ಮುಳುಗುವಷ್ಟು ನೀರು. ಗಿರಾಕಿ ಬಿಡಿ, ನಾಯಿ ಕೂಡ ಆ ಕಡೆ ಬರಲಿಲ್ಲ. ಬ್ಯಾಂಕಿನವರು ಕಸುಬು ನಡೆಯುತ್ತಿದೆಯೋ ಎಂದು ನೋಡಲು ಬರುವುದು, ಅದೂ ಆಟಿಯಲ್ಲಿ. ಗಂಡ ಪಕ್ಕದ ಅಂಗಡಿಯ ಇಬ್ಬರನ್ನು ಕರೆದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳುವವರ ಹಾಗೆ ಬೆಂಚಿನಲ್ಲಿ ಕೂರಿಸುವ ಅಂದರು. "ಕೂರಿಸಿ, ಒಬ್ಬರಿಗೆ ಮದುಮಗನ ಪೇಟವನ್ನೂ ಕಟ್ಟಿ" ಎಂದೆ. ಅವರು ಆ ಯೋಚನೆ ಬಿಟ್ಟರು.

ಅಧಿಕಾರಿ ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ನಡುವಯಸ್ಸಿನವರು. ಊರು ವಿಜಾಪುರದ ಕಡೆಯಂತೆ, ಕರಾವಳಿಗೆ ವರ್ಗವಾಗಿ ಬಂದದ್ದು ಆ ವರ್ಷವೇ. "ಏನ್ ಮಳೀರಿ ಇದು, ನಮ್ಮ ಕಡೆ ಎರಡು ವರ್ಷಕ್ಕಾಗೂವಷ್ಟು ಇಲ್ಲಿ ಒಂದ ದಿನದಾಗ ಬಿತ್ತು" ಎಂದು ತಲೆ ಒರೆಸಿಕೊಂಡರು. ಸ್ಟುಡಿಯೋದ ಪರದೆ, ಲೈಟುಗಳು, ಕ್ಯಾಮೆರಾ ಎಲ್ಲ ನೋಡಿದರು. ಖಾಲಿ ಬೆಂಚನ್ನೂ ನೋಡಿದರು. ಆಮೇಲೆ ಕುಳಿತು, "ಈಗ ಹೇಳ್ರಿ, ಹತ್ತು ಸಾವಿರ ಹೆಂಗ?" ಎಂದರು.

ಗಂಡ ಒಂಬತ್ತರ ಲೆಕ್ಕ ಹೇಳಿದರು. ಕಿವಿ ಕೆಂಪಾಗಲಿಲ್ಲ. "ಸರ್, ಆಟಿ ನಮ್ಮ ಕಸುಬಿನಲ್ಲಿ ತಿಂಗಳೇ ಅಲ್ಲ" ಎಂದರು.

"ಆಟಿ ಅಂದ್ರ ಏನ್ರಿ?"

"ನಿಮ್ಮ ಆಷಾಢದ ಹಾಗೆ ಸರ್. ಶುಭಕಾರ್ಯ ಇಲ್ಲ."

"ಆಷಾಢ ನಮ್ಮಲ್ಲೂ ಅದರಿ. ಮದುವಿ ನಮ್ಮಲ್ಲೂ ಇಲ್ಲ." ಅವರು ಗಂಡನ ಕಡೆ ತಿರುಗಿದರು. "ಆಟಿಯೊಳಗ ಊಟಾ ಮಾಡ್ತೀರಿಲ್ರಿ?"

"ಮಾಡ್ತೇವೆ."

"ಹಂಗಾದ್ರ ಅದೂ ತಿಂಗಳ ನೋಡ್ರಿ. ನಮ್ಮ ಕಂತು ಆಟಿ ಬಂತು ಅಂತ ನಿಲ್ಲಂಗಿಲ್ಲ."

ನಾನು ಒಂದು ವಾರದಿಂದ ಹೇಳುತ್ತಿದ್ದದ್ದೂ ಅದೇ. ಆದರೆ ಬೇರೆಯವರ ಬಾಯಿಂದ ನನ್ನ ಗಂಡನಿಗೆ ಹೇಳಿಸಿಕೊಳ್ಳುವಾಗ ನನಗೆ ಸಹಿಸಲಾಗಲಿಲ್ಲ. "ಅವರು ಮೋಸ ಮಾಡಿದ್ದಲ್ಲ" ಎಂದೆ. "ಗೊತ್ತಾಗದೆ ಬರೆದದ್ದು. ಸರಿಯಾದ ಲೆಕ್ಕ ಏಳು ಸಾವಿರದ ಇನ್ನೂರು. ಬೇಕಾದರೆ ಅರ್ಜಿ ಬದಲಿಸಿ ಕೊಡ್ತೇವೆ."

"ಮೋಸ ಅಂತ ನಾ ಎಲ್ಲಿ ಅಂದೆ ಯಕ್ಕಾ? ಮೋಸ ಮಾಡವ್ರು ರಿಟರ್ನ್ ಜೋಡಿ ಹಚ್ಚಂಗಿಲ್ಲ. ಆದ್ರ ಏಳು ಸಾವಿರದ ಇನ್ನೂರಕ್ಕ ಮೂರೂಕಾಲು ಲಕ್ಷ ಕೊಡಾಕ ಬರಂಗಿಲ್ರಿ. ಎರಡು ಲಕ್ಷದ ಅರವತ್ತೈದು ಸಾವಿರದ ತನಕ ಆಗ್ತದ."

ಅಷ್ಟು ಹೇಳಿ ಅವರು ಫೈಲು ಮುಚ್ಚಿದರು. ಆ ಸದ್ದು ನನಗೆ ಈಗಲೂ ನೆನಪಿದೆ. ಗಂಡ ನೆಲ ನೋಡುತ್ತಿದ್ದರು. ಉಳಿದ ಅರವತ್ತು ಸಾವಿರ ಕೈಸಾಲ ಮಾಡುವ ಎಂದರೆ ಕೇಳಬಹುದಾದ ಎಲ್ಲ ಬಾಗಿಲುಗಳನ್ನೂ ಆ ಮೊದಲ ಒಂದು ಲಕ್ಷಕ್ಕೇ ತಟ್ಟಿ ಮುಗಿಸಿದ್ದೆವು.

ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದು ಹೇಗೆ? "ಒಳಗೆ ಬನ್ನಿ, ಪತ್ರೊಡೆ ಉಂಟು" ಎಂದೆ. ಕೆಸುವಿನ ಎಲೆಯದು, ಆಟಿಯಲ್ಲಿ ಮಾಡದ ಮನೆ ಇಲ್ಲ. ಅವರು ಒಳಗಿನ ಕೋಣೆಗೆ ಬಂದು, ಕೂರಲು ಜಾಗ ಹುಡುಕಿದರು. ಜಾಗ ಇರಲಿಲ್ಲ. ಮಂಚದ ಮೇಲೆ, ನೆಲದ ಮೇಲೆ, ಕಿಟಕಿಯ ದಂಡೆಯ ಮೇಲೆ ಎಲ್ಲ ಆಲ್ಬಮ್‌ಗಳು, ಫೋಟೋದ ಕಟ್ಟುಗಳು, ಹಾಳೆಗಳ ನಡುವೆ ಇಡುವ ಬಟರ್ ಪೇಪರು, ಗಮ್ಮಿನ ಡಬ್ಬ.

"ಇಷ್ಟು ಕೆಲಸ ಅದ ಅಲ್ರಿ. ಆಟಿಯೊಳಗ ಏನೂ ಇಲ್ಲ ಅಂದ್ರಿ?"

"ಇದು ನಮ್ಮ ಮದುವೆಗಳದ್ದಲ್ಲ" ಎಂದೆ. "ಮಣಿಪಾಲದ ಒಂದು ಸ್ಟುಡಿಯೋದ್ದು, ಇನ್ನೊಂದು ಕಾರ್ಕಳದ್ದು. ಮೇ ತಿಂಗಳ ಮದುವೆಗಳ ಫೋಟೋ ಎಲ್ಲ ಈಗ ತಂದು ಹಾಕ್ತಾರೆ. ಸಾಮಾನು ಅವರದ್ದು. ನಾನು ಜೋಡಿಸಿ ಅಂಟಿಸಿ ಕೊಡುವುದು."

"ಯಾರು, ನೀವ?"

"ಹೌದು. ಒಂದು ಆಲ್ಬಮ್ಮಿಗೆ ಇಷ್ಟು ಅಂತ ಕೊಡ್ತಾರೆ."

"ಎಷ್ಟು ವರ್ಷದಿಂದ?"

"ಏಳೆಂಟು ವರ್ಷ ಆಯಿತು."

ಅವರು ಪತ್ರೊಡೆಯ ತಟ್ಟೆ ಕೈಯಲ್ಲಿ ಹಿಡಿದು ನಿಂತೇ, "ಹಂಗಾದ್ರ ನಿಮ್ಮದು ತಿಂಗಳಿಗೆ ಎಷ್ಟು ಬರ್ತದ್ರಿ?" ಎಂದು ಕೇಳಿದರು.

ಗಂಡನ ಲೆಕ್ಕವನ್ನು ಒಂದು ವಾರ ಹಿಡಿದು ಜಾಡಿಸಿದವಳಿಗೆ ತನ್ನದು ಎಷ್ಟೆಂದು ಗೊತ್ತಿರಲಿಲ್ಲ. "ನನ್ನದು ಆದಾಯ ಅಂತ ಅಲ್ಲ" ಎಂದೆ. "ಮನೆ ಖರ್ಚಿಗೆ ಆಗ್ತದೆ, ಅಷ್ಟೆ."

"ಮನಿ ಖರ್ಚಿಗೆ ಆಗೂದಕ್ಕ ಆದಾಯ ಅನ್ನದ ಏನಂತಾರ್ರಿ?"

ಗಂಡ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅವರು ವರ್ಷದ ಲೆಕ್ಕದಿಂದ ಆಟಿಯನ್ನು ಬಿಟ್ಟಿದ್ದರು. ನಾನು ಲೆಕ್ಕದಿಂದ ನನ್ನನ್ನೇ ಬಿಟ್ಟಿದ್ದೆ.

ಆ ಹೊತ್ತಿಗೆ ಹೊರಗಿನಿಂದ "ಅಕ್ಕಾ" ಎಂದು ಕೂಗು. ಪಿಗ್ಮಿಯವರು. ನಮ್ಮ ಕಡೆ ಅವರಿಗೆ ಪರಿಚಯ ಬೇಡ, ದಿನವೂ ಮನೆಮನೆಗೆ ಬಂದು ಹತ್ತಿಪ್ಪತ್ತು ರೂಪಾಯಿ ಉಳಿತಾಯ ತೆಗೆದುಕೊಂಡು ಹೋಗಿ ನಮ್ಮ ಖಾತೆಗೆ ಕಟ್ಟುವವರು. ಸಂಜೆಯ ಚಹಾದ ಹೊತ್ತಿಗೆ ಅವರು ಬಾರದ ದಿನ ಇಲ್ಲ, ಮಳೆಯಾದರೂ ಬಿಸಿಲಾದರೂ. ನಾನು ಅಭ್ಯಾಸದಂತೆ ಡಬ್ಬಿಯಿಂದ ನೋಟು ತೆಗೆದು ಕೊಟ್ಟು, ಕಾರ್ಡಿನಲ್ಲಿ ಬರೆಸಿಕೊಂಡು ಬಂದೆ. ಅಧಿಕಾರಿ ಕೈ ಚಾಚಿದರು. "ಅದನ್ನ ಕೊಡ್ರಿ ಇಲ್ಲೆ."

ಕಾರ್ಡನ್ನು ತಿರುವಿ ತಿರುವಿ ನೋಡಿದರು. ಮೇ ತಿಂಗಳಲ್ಲಿ ದಿನಕ್ಕೆ ಹತ್ತು ರೂಪಾಯಿ. ಆಗ ಮನೆಯಲ್ಲಿ ಗಂಡನ ಹಣ ಓಡಾಡುತ್ತಿರುತ್ತದೆ, ನನಗೆ ಆಲ್ಬಮ್ ಕೆಲಸ ಕಡಿಮೆ. ಜುಲೈಯಲ್ಲಿ ಐವತ್ತು. ಒಂದು ದಿನವೂ ಖಾಲಿ ಇಲ್ಲ. "ಅವರ ತಿಂಗಳು ಬರಿದಾದಾಗ ನಿಮ್ಮದು ತುಂಬ್ತದ ನೋಡ್ರಿ" ಎಂದರು. "ಹಳೇ ಕಾರ್ಡು ಅದಾವೇನ್ರಿ?"

"ಇವೆ." ಬಲ್ಬು ಇಟ್ಟ ಕಪಾಟಿನಲ್ಲಿ ನೆಗೆಟಿವ್‌ಗಳ ಜೊತೆ ಇಟ್ಟಿದ್ದೆ, ಬೂಷ್ಟು ಹಿಡಿಯಬಾರದೆಂದು.

ಅವರು ಕೂತು ಮಾತಾಡಿದ್ದು ಆಮೇಲೆ. ನಾನೂ ಅರ್ಜಿಯಲ್ಲಿ ಸಹ ಅರ್ಜಿದಾರಳಾಗಬೇಕು. ನಮ್ಮದೇ ಸ್ಟುಡಿಯೋದ ಆಲ್ಬಮ್‌ಗಳನ್ನು ನಾನು ಅಂಟಿಸುವುದಕ್ಕೆ ಬೇರೆ ಲೆಕ್ಕ ಇಲ್ಲ. ನನಗೆ ಸಂಬಳ ಕೊಡದ್ದರಿಂದ ಅದು ಗಂಡನ ನಿವ್ವಳದಲ್ಲಿಯೇ ಸೇರಿ ಹೋಗಿದೆ, ಎರಡು ಸಲ ಹಿಡಿಯಲು ಬರುವುದಿಲ್ಲ. ಹೊರಗಿನ ಎರಡು ಸ್ಟುಡಿಯೋಗಳಿಂದ ಎರಡು ವರ್ಷದಲ್ಲಿ ಬಂದದ್ದು ಎಷ್ಟೆಂದು ಅವರಿಂದ ಬರೆಸಿ ತರಬೇಕು. ನಾನೂ ಎರಡು ವರ್ಷದ ರಿಟರ್ನ್ ಹಾಕಬೇಕು, ತೆರಿಗೆಯ ಮಿತಿಯ ಒಳಗಿದ್ದರೂ. "ಒಂದ ದಿನಾ ಎರಡು ರಿಟರ್ನ್ ಹಾಕಿದ್ರ ನಮ್ಮ ಸಾಹೇಬ್ರು ಅನುಮಾನ ಪಡತಾರ. ಆದ್ರ ಈ ಕಾರ್ಡು ಸಾಲಕ್ಕಂತ ನಿನ್ನೆ ಮೊನ್ನೆ ಬರದದ್ದಲ್ಲ. ಇದನ್ನ ಜೋಡಿ ಹಚ್ಚಿದ್ರ ನಾ ಒಳಗ ಹೋಗಿ ಮಾತಾಡಬಹುದು. ಆಗ್ತದ ಅಂತ ಹೇಳಂಗಿಲ್ಲ ಮತ್ತ."

ಚೌತಿಗೆ ಐದು ವಾರವೂ ಇರಲಿಲ್ಲ.

ಮರುದಿನ ಗಂಡ ಮಣಿಪಾಲಕ್ಕೆ, ನಾನು ಕಾರ್ಕಳಕ್ಕೆ. ಕಾರ್ಕಳದ ಸ್ಟುಡಿಯೋದವರು ನನ್ನ ಗಂಡನ ಹಳೆಯ ಸ್ನೇಹಿತರು. ಕಾಗದ ಬರೆದು ಕೊಡಿ ಎಂದಾಗ ತಲೆ ಕೆರೆದರು. "ಅತ್ತಿಗೆ, ನಾನು ಅದನ್ನೆಲ್ಲ ಖರ್ಚಿನಲ್ಲಿ ಸರಿಯಾಗಿ ತೋರಿಸಿದ್ದು ಉಂಟೋ ಇಲ್ಲವೋ ನೋಡಬೇಕು. ಇಲ್ಲದಿದ್ದರೆ ನನ್ನ ಬಾಲಕ್ಕೆ ಬೆಂಕಿ ಬೀಳ್ತದೆ." ಹಳೆಯ ವೋಚರುಗಳನ್ನು ಹುಡುಕುವಷ್ಟು ಹೊತ್ತು ನಾನು ಅವರ ಬೆಂಚಿನಲ್ಲಿ ಉಸಿರು ಹಿಡಿದು ಕುಳಿತಿದ್ದೆ. ಇತ್ತು. ಪ್ರತಿ ವೋಚರಿನ ಕೆಳಗೆ ನನ್ನದೇ ಸಹಿ ಇತ್ತು. ಅಷ್ಟು ಸಲ ಸಹಿ ಹಾಕಿದವಳಿಗೆ ಒಮ್ಮೆಯೂ ಕೂಡಿಸಿ ನೋಡಬೇಕೆಂದು ಅನಿಸಿರಲಿಲ್ಲ.

ಎರಡೂ ಕಡೆಯದು ಸೇರಿ, ಇಪ್ಪತ್ತನಾಲ್ಕು ತಿಂಗಳಲ್ಲಿ ಮೂವತ್ತಮೂರು ಸಾವಿರದ ಆರುನೂರು. ವಕೀಲರು ಭಾಗಿಸಿದರು. ತಿಂಗಳಿಗೆ ಸಾವಿರದ ನಾನೂರು. ನನಗೆ ಅದು ದೊಡ್ಡದೂ ಅನಿಸಲಿಲ್ಲ, ಸಣ್ಣದೂ ಅನಿಸಲಿಲ್ಲ. ನನ್ನದು ಅನಿಸಿತು. ಏಳು ಸಾವಿರದ ಇನ್ನೂರಕ್ಕೆ ಅದು ಸೇರಿದರೆ ಎಂಟು ಸಾವಿರದ ಆರುನೂರು. ಅರ್ಧ ನಾಲ್ಕು ಸಾವಿರದ ಮುನ್ನೂರು, ಕ್ಯಾಮೆರಾದ ಒಂಬೈನೂರು ಹೋಗಿ ಮೂರು ಸಾವಿರದ ನಾನೂರು. ಮೂರೂಕಾಲು ಲಕ್ಷದ ಕಂತಿಗಿಂತ ನೂರು ರೂಪಾಯಿ ಮೇಲೆ. ವಕೀಲರು ರಿಟರ್ನುಗಳಲ್ಲಿ ಪ್ಯಾನ್ ಸಂಖ್ಯೆಯ ಜಾಗದಲ್ಲಿ ಅರ್ಜಿ ಹಾಕಿದೆ ಎಂದು ಬರೆದು, ನನ್ನಿಂದ ಸಹಿ ಹಾಕಿಸಿದರು. ಹಿಂದಿನ ವರ್ಷದ್ದು ತಡವಾಗಿತ್ತು, ಆದರೆ ತಡವಾಗಿ ಹಾಕಲು ಇದ್ದ ಅವಧಿ ಇನ್ನೂ ಮುಗಿದಿರಲಿಲ್ಲ.

"ಇನ್ನು ನಿಮ್ಮದು ಎರಡು ಫೋಟೋ ಕೊಡಿ" ಎಂದರು.

ಮನೆಗೆ ಬಂದು ಹುಡುಕಿದೆವು. ಸಾವಿರಾರು ಮದುಮಗಳಂದಿರ ನೆಗೆಟಿವ್ ಇತ್ತು. ಅವರ ಅಕ್ಕಂದಿರು, ಅತ್ತೆಯಂದಿರು, ಐಸ್‌ಕ್ರೀಮ್ ತಿನ್ನುವ ನೆಂಟರು ಎಲ್ಲರೂ ಇದ್ದರು. ನಾನೊಬ್ಬಳೇ ಇರುವ ಒಂದು ಫೋಟೋ ಆ ಸ್ಟುಡಿಯೋದಲ್ಲಿ ಇರಲಿಲ್ಲ. ನಮ್ಮ ಮದುವೆಯ ಫೋಟೋ ಇತ್ತು, ಅದರಲ್ಲಿ ನಾನು ಅರ್ಧ, ಅದೂ ತಲೆ ಬಗ್ಗಿಸಿದ್ದೆ. ಗಂಡ ಲೈಟು ಹಚ್ಚಿದರು. ಸ್ಟೂಲನ್ನು ಎಳೆದರು. ಮದುಮಗಳಿಗೆ ಮಾಡುವ ಹಾಗೆ ಎರಡು ಸಲ ಬಂದು ಸೆರಗು ಸರಿ ಮಾಡಿದರು.

"ನೇರ ನೋಡು" ಎಂದರು. "ಇದು ಬ್ಯಾಂಕಿಗೆ. ತಲೆ ಬಗ್ಗಿಸುವುದು ಬೇಡ."

ನೇರ ನೋಡಿದೆ. ಬೆರಳಿನಲ್ಲಿ ಗಮ್ಮು ಇತ್ತು, ಅದು ಫೋಟೋದಲ್ಲಿ ಬರಲಿಲ್ಲ.

ಕಾಗದವೆಲ್ಲ ಕೊಟ್ಟ ಮೇಲೆ ಹತ್ತು ಹನ್ನೆರಡು ದಿನ ಸುದ್ದಿ ಇಲ್ಲ. ಮನೆಯ ಯಜಮಾನರು ಎರಡು ಸಲ ಬಂದು ಹೋದರು. ಎರಡನೇ ಸಲ ಆ ಇನ್ನೊಂದು ಪಾರ್ಟಿಯೂ ಜೊತೆಗಿತ್ತು. ಅವರು ನಮ್ಮ ಅಡುಗೆಮನೆಯ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡಿದಾಗ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಕೈಯಲ್ಲಿದ್ದರೆ ಕಷ್ಟವಿತ್ತು. ಗಂಡ ಆ ದಿನಗಳಲ್ಲಿ ಫೋನಿನ ಹತ್ತಿರವೇ ಮಲಗುತ್ತಿದ್ದರು. ಫೋನು ಬಂದರೆ ಎತ್ತುತ್ತಿದ್ದವಳು ನಾನು.

ಚೌತಿಗೆ ವಾರವಿರುವಾಗ ಬಂತು. "ಯಕ್ಕಾ, ಆಗೇದ. ಪೂರಾ ಮೂರೂಕಾಲು. ಸಾಹೇಬ್ರು ಕಾರ್ಡು ನೋಡಿ ಸಹಿ ಮಾಡಿದ್ರು. ಮನಿ ಪತ್ರ ಇಬ್ಬರ ಹೆಸರಿಗೂ ಆಗಬೇಕು ಅಂತ ಬರದಾರ, ಸಾಲ ಇಬ್ಬರದೂ ಅದಲ್ಲ."

"ಇಬ್ಬರದ್ದೂ" ಎಂದು ಗಂಡನಿಗೆ ಹೇಳುವಾಗ ನನಗೆ ಅಳು ಬಂತು. ಅವರಿಗೂ ಬಂತು, ಲೆನ್ಸ್ ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡರು.

ಮರುವರ್ಷ ಆಟಿ ಬಂತು. ಸ್ಟುಡಿಯೋದ ಬೆಂಚು ಖಾಲಿ. ಆ ತಿಂಗಳ ಕಂತು ಪೂರ್ತಿ ಆಲ್ಬಮ್ಮಿನ ಹಣದಿಂದ ಹೋಯಿತು. ಗಂಡನೂ ನನ್ನ ಎದುರು ಕುಳಿತು ಅಂಟಿಸಲು ಶುರು ಮಾಡಿದ್ದರು. ಕ್ಯಾಮೆರಾದಲ್ಲಿ ಗೆರೆ ತಪ್ಪದವರು ಗಮ್ಮು ಹಿಡಿದರೆ ಎಲ್ಲ ಸೊಟ್ಟ. ಅವರು ಎದ್ದು ಹೋದ ಮೇಲೆ ನಾನು ಬಿಡಿಸಿ ಸರಿ ಮಾಡುತ್ತಿದ್ದೆ.

ಹಾಗೆ ಕುಳಿತಿದ್ದಾಗ ಕಾರ್ಕಳದ ಸ್ನೇಹಿತರು ಒಂದು ದಿನ ಬಂದರು. ಅವರಿಗೂ ಮನೆ ಸಾಲ ಬೇಕಿತ್ತು. ಅದೇ ಅರ್ಜಿ, ಅದೇ ಸಾಲು. "ಮಾರಾಯ, ಇಲ್ಲಿ ಎಂತ ಬರೆಯುವುದು? ಸೀಸನ್ನಿನಲ್ಲಿ ತಿಂಗಳಿಗೆ ಹನ್ನೆರಡು ಸಾವಿರ ಬೀಳ್ತದೆ, ಹನ್ನೆರಡು ಅಂತ ಹಾಕ್ಲಾ?" ಎಂದು ಗಂಡನನ್ನು ಕೇಳಿದರು.

ನನ್ನ ಗಂಡ ಗಮ್ಮಿನ ಕೈಯನ್ನು ಬಟ್ಟೆಗೆ ಒರೆಸಿ, ಅರ್ಜಿ ತೆಗೆದುಕೊಂಡು ನೋಡಿದರು.

"ಅದು ಆಮೇಲೆ. ಮೊದಲು ಹೇಳು, ನಿನ್ನ ಮನೆಯಲ್ಲಿ ಆಟಿ ದಾಟಿಸುವುದು ಯಾರು?"

ಸ್ನೇಹಿತರು ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಅವರದೇ ಸ್ಟುಡಿಯೋದ ಆಲ್ಬಮ್ ಅಂಟಿಸುತ್ತಿದ್ದೆ. ಆ ಪುಟ ಮುಗಿಸಿ ಬಟರ್ ಪೇಪರು ಹಾಕಿ, ಅವರಿಗೆ ಚಹಾ ಮಾಡಲು ಎದ್ದೆ.